ಕಾಗದ ಮುಗಿದ ಮೇಲೂ ಗೋಡೆ ಮುಂದುವರಿಯುವ ಬಗೆ

ಸ್ಟುಡಿಯೊದಲ್ಲಿ ಹಿನ್ನೆಲೆಗೆ ಬಳಸುವ ಪೇಪರ್ ಬ್ಯಾಕ್‌ಡ್ರಾಪ್ ಎಂದರೆ ದಪ್ಪನೆಯ, ಹೊಳಪಿಲ್ಲದ, ಒಂದೇ ಬಣ್ಣದ ಕಾಗದದ ಸುರುಳಿ. ಎರಡು ಸ್ಟ್ಯಾಂಡ್‌ಗಳ ನಡುವಿನ ಅಡ್ಡಕೋಲಿಗೆ ಸುರುಳಿಯನ್ನು ಏರಿಸಿ, ಕಾಗದವನ್ನು ಇಳಿಬಿಟ್ಟು, ನೆಲದ ಮೇಲೆ ಕ್ಯಾಮೆರಾದ ಕಡೆಗೆ ಹಾಸುತ್ತಾರೆ. ನೆಲ ಮುಟ್ಟುವಲ್ಲಿ ಕಾಗದವನ್ನು ಮಡಿಸದೆ ಸಡಿಲವಾಗಿ ಬಾಗಿಸಿ ಬಿಡುವುದರಿಂದ ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬ ಗೆರೆ ಚಿತ್ರದಲ್ಲಿ ಕಾಣುವುದಿಲ್ಲ. ಮುಂದೆ ನಿಂತ ವ್ಯಕ್ತಿ ಕೊನೆಮೊದಲಿಲ್ಲದ ಒಂದೇ ಬಣ್ಣದ ಜಾಗದಲ್ಲಿ ನಿಂತಂತೆ ತೋರುತ್ತದೆ. ಕಾಗದದ ಅಂಚು ಫ್ರೇಮಿನೊಳಗೆ ಬಂದರೆ ಈ ಭ್ರಮೆ ಅಲ್ಲಿಗೇ ಮುರಿಯುತ್ತದೆ. ಅಂಚಿನ ಆಚೆ ಸ್ಟ್ಯಾಂಡ್, ವೈರು, ಸ್ಟುಡಿಯೊದ ನಿಜವಾದ ಗೋಡೆ, ನೆಲದ ಟೈಲ್ಸ್ ಎಲ್ಲವೂ ಬಯಲಾಗುತ್ತವೆ. ಆಗ ಉಳಿಯುವ ದಾರಿ, ಕಾಗದ ಇಲ್ಲದ ಭಾಗದಲ್ಲೂ ಅದೇ ಗೋಡೆಯನ್ನು ಕಂಪ್ಯೂಟರಿನಲ್ಲಿ ಮುಂದುವರಿಸುವುದು. ಖಾಲಿ ಜಾಗಕ್ಕೆ ಅದೇ ಬಣ್ಣ ತುಂಬಿದರೆ ಮುಗಿಯಿತು ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಹಾಗೆ ತುಂಬಿದ ಭಾಗ, ಹಳೆಯ ಗೋಡೆಗೆ ಹೊಸ ಬಣ್ಣದ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ಹಾಗೇಕೆ ಎಂಬುದು ತಿಳಿದರೆ ಸರಿಯಾಗಿ ಮಾಡುವ ಬಗೆಯೂ ತಿಳಿಯುತ್ತದೆ.

ಕಾಗದ ಸಾಲದೇ ಹೋಗುವುದು ಹೇಗೆ

ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಸುರುಳಿಯ ಅಗಲ 2.72 ಮೀಟರ್, ಉದ್ದ 11 ಮೀಟರ್. ಇದಕ್ಕಿಂತ ದೊಡ್ಡದು 3.55 ಮೀಟರ್ ಅಗಲದ್ದು. ಅದನ್ನು ಸಾಗಿಸುವುದಕ್ಕೂ ಏರಿಸುವುದಕ್ಕೂ ಇಬ್ಬರಾದರೂ ಬೇಕು, ಹಲವು ಸ್ಟುಡಿಯೊಗಳ ಬಾಗಿಲಲ್ಲಿ ಅದು ತಿರುಗುವುದೂ ಇಲ್ಲ. ಒಬ್ಬ ವ್ಯಕ್ತಿಯನ್ನು ಉದ್ದುದ್ದ ಫ್ರೇಮಿನಲ್ಲಿ ನಿಲ್ಲಿಸಿ ತೆಗೆಯುವ ಭಾವಚಿತ್ರಕ್ಕೆ 2.72 ಮೀಟರ್ ಧಾರಾಳವಾಗಿ ಸಾಕು. ತೊಂದರೆ ಶುರುವಾಗುವುದು ಫ್ರೇಮನ್ನು ಅಡ್ಡಕ್ಕೆ ತಿರುಗಿಸಿದಾಗ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಭರತನಾಟ್ಯದ ಕಲಾವಿದೆಯೊಬ್ಬರು ಅರೆಮಂಡಿಯಲ್ಲಿ ಕುಳಿತು, ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿದ್ದಾರೆ. ಬೆರಳ ತುದಿಯಿಂದ ಬೆರಳ ತುದಿಗೆ ಸುಮಾರು ಒಂದೂವರೆ ಮೀಟರ್. ಹಿಂದಿರುವುದು ಬೂದು ಬಣ್ಣದ ಕಾಗದ. ತಮ್ಮ ನೆರಳು ಕಾಗದದ ಮೇಲೆ ಬೀಳದಿರಲೆಂದು ಕಲಾವಿದೆ ಅದರಿಂದ ಒಂದೂವರೆ ಮೀಟರ್ ಮುಂದೆ ಇದ್ದಾರೆ. ಕ್ಯಾಮೆರಾ ಅವರಿಂದ 4 ಮೀಟರ್ ದೂರದಲ್ಲಿ, ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿದೆ. ಕ್ಯಾಮೆರಾ ಫುಲ್ ಫ್ರೇಮ್, ಅಂದರೆ ಅದರ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಲೆನ್ಸ್ 50 ಮಿಲಿಮೀಟರಿನದು.

ಫ್ರೇಮಿನಲ್ಲಿ ಎಷ್ಟು ಅಗಲ ಕಾಣುತ್ತದೆ ಎಂದು ತಿಳಿಯಲು ದೂರವನ್ನು ಸೆನ್ಸರ್ ಅಗಲದಿಂದ ಗುಣಿಸಿ, ಲೆನ್ಸಿನ ಅಳತೆಯಿಂದ ಭಾಗಿಸಿದರಾಯಿತು. ಕಲಾವಿದೆ ಇರುವ 4 ಮೀಟರ್ ದೂರದಲ್ಲಿ ಫ್ರೇಮಿನ ಅಗಲ 2.88 ಮೀಟರ್ ಆಗುತ್ತದೆ. ಕಾಗದ ಇರುವ ಐದೂವರೆ ಮೀಟರ್ ದೂರದಲ್ಲಿ ಅದು 3.96 ಮೀಟರಿಗೆ ಏರುತ್ತದೆ. ಕಾಗದದ ಅಗಲ 2.72 ಮೀಟರ್ ಮಾತ್ರ. ಫೋಟೊ 6000 ಪಿಕ್ಸೆಲ್ ಅಗಲವಿದ್ದರೆ ಕಾಗದಕ್ಕೆ ದಕ್ಕುವುದು ಸುಮಾರು 4120 ಪಿಕ್ಸೆಲ್. ಎಡಕ್ಕೂ ಬಲಕ್ಕೂ ತಲಾ 940 ಪಿಕ್ಸೆಲ್‌ನಷ್ಟು ಸ್ಟುಡಿಯೊ ಬಯಲಾಗಿ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಉದ್ದನೆಯ ಲೆನ್ಸ್ ಹಾಕಿ ಹಿಂದೆ ಸರಿದರೆ ಹಿನ್ನೆಲೆ ಕಡಿಮೆ ಕಾಣುತ್ತದೆ ಎಂಬುದು ನಿಜ. ಆದರೆ ಕಲಾವಿದೆ ಇರುವಲ್ಲೇ ಫ್ರೇಮಿನ ಅಗಲ 2.88 ಮೀಟರ್ ಬೇಕಾಗಿದ್ದರೆ, ಅವರ ಹಿಂದಿರುವ 2.72 ಮೀಟರ್ ಕಾಗದ ಯಾವ ಲೆನ್ಸಿನಿಂದಲೂ ಆ ಫ್ರೇಮನ್ನು ತುಂಬಲಾರದು. 3.55 ಮೀಟರಿನ ಕಾಗದವಿದ್ದು 85 ಮಿಲಿಮೀಟರ್ ಲೆನ್ಸ್ ಹಾಕಿದರೆ ತುಂಬುತ್ತದೆ, ಆದರೆ ಅದಕ್ಕೆ ಕ್ಯಾಮೆರಾದಿಂದ ಕಾಗದಕ್ಕೆ 8 ಮೀಟರಿಗೂ ಮಿಕ್ಕಿದ ಜಾಗ ಬೇಕು. ಇಪ್ಪತ್ತು ಅಡಿ ಉದ್ದದ ಕೋಣೆಯಲ್ಲಿ ಅದು ಆಗದ ಮಾತು. ಆದ್ದರಿಂದ ಸಣ್ಣ ಸ್ಟುಡಿಯೊಗಳಲ್ಲಿ ಅಂಚು ಫ್ರೇಮಿನೊಳಗೆ ಬರುವುದು ಛಾಯಾಗ್ರಾಹಕರ ಅಜಾಗರೂಕತೆಯಿಂದಲ್ಲ. ಜಾಗದ ಅಳತೆಯೇ ಹಾಗೆ ಮಾಡಿಸುತ್ತದೆ, ಮತ್ತು ಹಿನ್ನೆಲೆಯನ್ನು ಮುಂದುವರಿಸುವ ಕೆಲಸ ಕ್ಲಿಕ್ ಮಾಡುವ ಮೊದಲೇ ಲೆಕ್ಕಕ್ಕೆ ಬಂದಿರುತ್ತದೆ.

ಒಂದು ಬಣ್ಣದ ಗೋಡೆಯಲ್ಲಿ ಇರುವ ಮೂರು ಸಂಗತಿ

ಬರಿಗಣ್ಣಿಗೆ ಕಾಗದ ಒಂದೇ ಬೂದು ಬಣ್ಣದ್ದು. ಫೋಟೊದಲ್ಲಿ ಮಾತ್ರ ಅದು ಹಾಗಿರುವುದಿಲ್ಲ. ಕಲಾವಿದೆಯ ಎಡಗಡೆ, ಅಂದರೆ ಫ್ರೇಮಿನ ಎಡಕ್ಕೆ, ಒಂದು ಸಾಫ್ಟ್‌ಬಾಕ್ಸ್ ಇದೆ ಎಂದುಕೊಂಡರೆ ಕಾಗದದ ಎಡಭಾಗ ಬೆಳ್ಳಗೆ, ಬಲಭಾಗ ಕಪ್ಪಗೆ ಇರುತ್ತದೆ. ಕಪ್ಪಿಗೆ 0, ಬಿಳುಪಿಗೆ 255 ಎಂದು ಎಣಿಸುವ ಅಳತೆಯಲ್ಲಿ ಎಡ ಅಂಚಿನಲ್ಲಿ 150 ಇದ್ದರೆ ಬಲ ಅಂಚಿನಲ್ಲಿ 112 ಇರಬಹುದು. ಈ ಇಳಿತ ಎಲ್ಲೂ ಮೆಟ್ಟಿಲಾಗದೆ, ಇಳಿಜಾರಿನಂತೆ ಸಾಗುತ್ತದೆ. ಗೋಡೆಯಲ್ಲಿರುವ ಮೊದಲ ಸಂಗತಿ ಇದು: ಬೆಳಕಿನ ಇಳಿಜಾರು.

ಎರಡನೆಯದು ಗ್ರೇನ್. ಫೋಟೊವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದರೆ ಪಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು 118 ಇದ್ದರೆ ಪಕ್ಕದ್ದು 120, ಅದರ ಪಕ್ಕದ್ದು 117. ಸೆನ್ಸರಿನ ನಾಯ್ಸ್ ಮತ್ತು ಕಾಗದದ ನಾರು ಎರಡೂ ಸೇರಿ, ರವೆ ಉದುರಿಸಿದಂಥ ಒಂದು ಸಣ್ಣ ತರಿ ಇಡೀ ಚಿತ್ರದ ಮೇಲೆ ಹರಡಿರುತ್ತದೆ.

ಮೂರನೆಯದು ನೆರಳು. ಕಲಾವಿದೆಯ ಪಾದದಿಂದ ಹೊರಟು ಬಲಕ್ಕೆ ಚಾಚುವ ನೆರಳು ಕಾಗದದ ಮೇಲೆ ಒಂದಷ್ಟು ದೂರ ಹೋಗಿ, ಕೆಲವೊಮ್ಮೆ ಅಂಚು ದಾಟಿ ಟೈಲ್ಸ್ ಮೇಲೂ ಬೀಳುತ್ತದೆ.

ಒಂದೇ ಬಣ್ಣ ತುಂಬಿದಾಗ ಕೆಲಸ ಕೆಡುವುದು ಇದೇ ಕಾರಣಕ್ಕೆ. ತುಂಬಿದ ಬಣ್ಣದಲ್ಲಿ ಇಳಿಜಾರು ಇಲ್ಲ, ತರಿ ಇಲ್ಲ, ನೆರಳೂ ಇಲ್ಲ. ಗೋಡೆಯನ್ನು ಮುಂದುವರಿಸುವುದೆಂದರೆ ಈ ಮೂರನ್ನೂ ಬೇರೆ ಬೇರೆಯಾಗಿ, ಒಂದೊಂದನ್ನೂ ಅದರ ರೀತಿಯಲ್ಲೇ ಮುಂದುವರಿಸುವುದು.

ಬಿಳಿ ಕಾಗದಕ್ಕೆ ಹೆಚ್ಚು ಬೆಳಕು ಸುರಿದು ಅದನ್ನು ಪೂರ್ತಿ 255ಕ್ಕೆ ಏರಿಸಿದ್ದರೆ ಮಾತ್ರ ಈ ತಾಪತ್ರಯವಿಲ್ಲ. ಅಲ್ಲಿ ಇಳಿಜಾರೂ ತರಿಯೂ ಬೆಳಕಿನಲ್ಲಿ ಮುಳುಗಿ ಹೋಗಿರುತ್ತವೆ, ಆದ್ದರಿಂದ ಬರಿಯ ಬಿಳಿ ತುಂಬಿದರೂ ಗೆರೆ ಕಾಣದು. ಹಿನ್ನೆಲೆ ಮುಂದುವರಿಸುವ ಕೆಲಸದಲ್ಲಿ ಅತಿ ಸುಲಭದ್ದು ಬಿಳಿ, ಅತಿ ಕಷ್ಟದ್ದು ನಡುಬೂದು. ನಡುಬೂದಿನಲ್ಲಿ ಬೆಳಕಿನ ಒಂದೊಂದು ಮೆಟ್ಟಿಲೂ ಕಣ್ಣಿಗೆ ಬೀಳುತ್ತದೆ.

ಶೂಟಿಂಗ್ ಹೊತ್ತಿನ ಎರಡು ನಿಮಿಷ

ಕಂಪ್ಯೂಟರಿನ ಮುಂದೆ ಒಂದು ಗಂಟೆ ಹಿಡಿಯುವ ಕೆಲಸವನ್ನು ಸ್ಟುಡಿಯೊದಲ್ಲೇ ಎರಡು ನಿಮಿಷದಲ್ಲಿ ಅರ್ಧಕ್ಕರ್ಧ ಹಗುರ ಮಾಡಬಹುದು. ಇದಕ್ಕೆ ಕ್ಯಾಮೆರಾ ಟ್ರೈಪಾಡ್ ಮೇಲಿರಬೇಕು. ಕಲಾವಿದೆಯ ಫೋಟೊಗಳು ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕಳುಹಿಸಿ, ಖಾಲಿ ಕಾಗದದ ಒಂದು ಫೋಟೊ ತೆಗೆಯಬೇಕು. ಆಮೇಲೆ ಸ್ಟ್ಯಾಂಡ್‌ಗಳ ಸಮೇತ ಕಾಗದವನ್ನು ಒಂದು ಮೀಟರ್ ಬಲಕ್ಕೆ ಸರಿಸಿ ಇನ್ನೊಂದು, ಅಷ್ಟೇ ಎಡಕ್ಕೆ ಸರಿಸಿ ಮತ್ತೊಂದು ಫೋಟೊ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಕಾಗದದ ಮೇಲಿನ ಒಂದು ಮೀಟರ್ ಎಂದರೆ ಸುಮಾರು 1500 ಪಿಕ್ಸೆಲ್. ಬೇಕಾಗಿರುವುದು 940 ಮಾತ್ರ, ಹಾಗಾಗಿ ಧಾರಾಳವಾಗಿ ಸಾಲುತ್ತದೆ.

ಈ ಮೂರೂ ಫೋಟೊಗಳಲ್ಲಿ ಲೈಟುಗಳು ಇದ್ದಲ್ಲೇ ಇರಬೇಕು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮತ್ತು ಫೋಕಸ್ ಮೂರೂ ಮ್ಯಾನ್ಯುಯಲ್‌ನಲ್ಲಿ ಇದ್ದು, ಕಲಾವಿದೆಯ ಫೋಟೊದಲ್ಲಿ ಇದ್ದಂತೆಯೇ ಉಳಿಯಬೇಕು. ಫೋಕಸನ್ನು ಮರೆಯುವವರು ಹೆಚ್ಚು. ಕಲಾವಿದೆ ಇಲ್ಲದಾಗ ಕ್ಯಾಮೆರಾ ತಾನೇ ಫೋಕಸ್ ಹುಡುಕಿಕೊಂಡರೆ ಕಾಗದದ ಮೇಲೆ ನಿಲ್ಲುತ್ತದೆ, ಮೂಲ ಫೋಟೊದಲ್ಲಿ ಮಸುಕಾಗಿದ್ದ ನಾರು ಇಲ್ಲಿ ಚುರುಕಾಗಿ ಮೂಡುತ್ತದೆ, ಎರಡೂ ಒಂದಕ್ಕೊಂದು ಒಗ್ಗುವುದಿಲ್ಲ. ಎಲ್ಲವೂ ಸರಿಯಿದ್ದರೆ ಪಕ್ಕಗಳಲ್ಲಿ ತುಂಬುವುದು ನಿಜವಾದ ಕಾಗದ, ಅದರ ಮೇಲೆ ಬಿದ್ದಿರುವುದು ಅದೇ ಲೈಟಿನ ನಿಜವಾದ ಬೆಳಕು. ಕಂಪ್ಯೂಟರಿನಲ್ಲಿ ಮೂರು ಫೋಟೊಗಳನ್ನು ಒಂದರ ಮೇಲೊಂದು ಇಟ್ಟು, ಅಂಚುಗಳನ್ನು ಮಾಸ್ಕ್ ಹಾಕಿ ಮೆತ್ತಗೆ ಬೆರೆಸಿದರೆ ಕೆಲಸದ ಬಹುಪಾಲು ಮುಗಿಯುತ್ತದೆ.

ಅದಕ್ಕೆ ಅವಕಾಶವಿಲ್ಲದಿದ್ದರೂ ಒಂದು ನಿಯಮವನ್ನು ಮಾತ್ರ ಕೈಬಿಡಬಾರದು. ಬೆರಳ ತುದಿ, ಜಡೆ, ಸೆರಗು, ಗೆಜ್ಜೆ, ಇವುಗಳಲ್ಲಿ ಯಾವುದೂ ಕಾಗದದ ಅಂಚನ್ನು ದಾಟಬಾರದು. ಅಂಚಿಗೂ ದೇಹಕ್ಕೂ ನಡುವೆ ಒಂದು ಗೇಣಿನಷ್ಟಾದರೂ ಖಾಲಿ ಕಾಗದ ಕಾಣಬೇಕು. ಮುಂದೆ ಗೋಡೆ ಬೆಳೆಯುವುದು ಆ ಖಾಲಿ ಪಟ್ಟಿಯಿಂದಲೇ.

ಪಟ್ಟಿಯನ್ನು ಎಳೆದು ಗೋಡೆ ಮಾಡುವುದು

ಖಾಲಿ ಕಾಗದದ ಬೇರೆ ಫೋಟೊ ಇಲ್ಲ, ಕೈಯಲ್ಲಿರುವುದು ಕಲಾವಿದೆಯ ಒಂದೇ ಫೋಟೊ ಎಂದು ಇಟ್ಟುಕೊಂಡು ಬಲಗಡೆಯನ್ನು ಪೂರ್ತಿ ಮಾಡಿ ನೋಡಬಹುದು. ಇಲ್ಲಿ ಹೇಳುವ ಹೆಸರುಗಳು ಫೋಟೊಶಾಪಿನವು. ಲೇಯರ್ ಮತ್ತು ಮಾಸ್ಕ್ ಇರುವ ಬೇರೆ ತಂತ್ರಾಂಶಗಳಲ್ಲೂ ಕೆಲಸದ ಕ್ರಮ ಇದೇ.

ಮೊದಲಿಗೆ ಕ್ಯಾಮೆರಾದ ರಾ ಫೈಲ್ ತೆರೆಯುವಾಗಲೇ ಲೆನ್ಸಿನ ದೋಷ ಸರಿಪಡಿಸಬೇಕು. ಬಹುತೇಕ ಲೆನ್ಸ್‌ಗಳು ಫ್ರೇಮಿನ ಮೂಲೆಗಳನ್ನು ಸ್ವಲ್ಪ ಕಪ್ಪಾಗಿಸುತ್ತವೆ. ಆ ಕಪ್ಪನ್ನು ಹಾಗೇ ಬಿಟ್ಟು ಗೋಡೆ ಎಳೆದರೆ, ಲೆನ್ಸಿನ ಕಪ್ಪೂ ಬೆಳಕಿನ ಇಳಿಜಾರೂ ಕಲಸಿಹೋಗಿ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ಆಮೇಲೆ ಫೈಲನ್ನು `16 Bits/Channel` ಸ್ಥಿತಿಯಲ್ಲಿ ತೆರೆಯಬೇಕು. ಇದರ ಕಾರಣ ಮುಂದೆ ಬರುತ್ತದೆ.

ಈಗ ಕಲಾವಿದೆಯ ಬಲಗಡೆಯ ಖಾಲಿ ಕಾಗದವನ್ನು ನೋಡಬೇಕು. ಚಾಚಿದ ತೋಳುಗಳು ಫೋಟೊದಲ್ಲಿ ಸುಮಾರು 3125 ಪಿಕ್ಸೆಲ್ ಅಗಲ ತೆಗೆದುಕೊಂಡಿವೆ, ಕಾಗದ 4120 ಇದೆ. ಅಂದರೆ ಬೆರಳ ತುದಿಯಿಂದ ಅಂಚಿಗೆ ಸುಮಾರು 500 ಪಿಕ್ಸೆಲ್ ಇದೆ. ಬೆರಳಿನ ಪಕ್ಕದ 100 ಪಿಕ್ಸೆಲ್ ಮುಟ್ಟಬಾರದು. ಕಾಗದದ ತುದಿಯ 60 ಪಿಕ್ಸೆಲ್ ಕೂಡ ಬಿಡಬೇಕು, ಏಕೆಂದರೆ ಅಂಚು ಸದಾ ಸ್ವಲ್ಪ ಸುರುಳಿಗೊಂಡಿರುತ್ತದೆ ಮತ್ತು ಅಲ್ಲಿ ಬೆಳಕು ಬೇರೆ ರೀತಿಯಲ್ಲಿ ಬಿದ್ದಿರುತ್ತದೆ. ಉಳಿಯುವುದು ಸುಮಾರು 340 ಪಿಕ್ಸೆಲ್ ಅಗಲದ ಶುದ್ಧ ಪಟ್ಟಿ. ಈ ಪಟ್ಟಿಯಿಂದ ಫ್ರೇಮಿನ ಕೊನೆಯವರೆಗಿನ 1340 ಪಿಕ್ಸೆಲ್ ಮುಚ್ಚಬೇಕು. ಅಂದರೆ ಸುಮಾರು ನಾಲ್ಕು ಪಟ್ಟು ಎಳೆಯಬೇಕು.

ಎಳೆಯುವ ಮೊದಲು ಪಟ್ಟಿಯನ್ನು ಒರೆಸಿ ಸ್ವಚ್ಛ ಮಾಡಬೇಕು. ಧೂಳಿನ ಚುಕ್ಕೆ, ಕಾಗದದ ಸುಕ್ಕು, ಯಾರೋ ತುಳಿದ ಗುರುತು ಏನೇ ಇದ್ದರೂ `Healing Brush` ಬಳಸಿ ತೆಗೆಯಬೇಕು. ನಾಲ್ಕು ಪಟ್ಟು ಎಳೆದಾಗ ಪ್ರತಿ ಚುಕ್ಕೆಯೂ ಅಡ್ಡಗೀರಾಗುತ್ತದೆ. ಆಮೇಲೆ `Rectangular Marquee` ಬಳಸಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಗುರುತಿಸಿ, `Ctrl+J` ಒತ್ತಿ ಹೊಸ ಲೇಯರಿಗೆ ಪ್ರತಿ ತೆಗೆದು, `Ctrl+T` ಒತ್ತಿ, ಬಲಗಡೆಯ ಹಿಡಿಯನ್ನು ಫ್ರೇಮಿನ ಆಚೆಗೂ ತುಸು ಹೋಗುವಂತೆ ಎಳೆಯಬೇಕು. ಈಚಿನ ಆವೃತ್ತಿಗಳಲ್ಲಿ `Shift` ಹಿಡಿದು ಎಳೆದರೆ ಮಾತ್ರ ಅಗಲವೊಂದೇ ಹಿಗ್ಗುತ್ತದೆ, ಇಲ್ಲದಿದ್ದರೆ ಎತ್ತರವೂ ಜೊತೆಗೆ ಬೆಳೆಯುತ್ತದೆ.

ಒಳಗಿನ ಅಂಚು ಇದ್ದಲ್ಲೇ ಇರುವುದರಿಂದ ಅಲ್ಲಿ ಹೊಸದೂ ಹಳೆಯದೂ ಒಂದೇ ಬಣ್ಣದಲ್ಲಿ ಕೂಡುತ್ತವೆ. ಕ್ಯಾಮೆರಾ ಕಾಗದಕ್ಕೆ ನೇರ ಎದುರಾಗಿ ನಿಂತಿದ್ದರೆ ಗೋಡೆ ನೆಲಕ್ಕೆ ಬಾಗುವ ಜಾಗವೂ ಅಡ್ಡಡ್ಡವಾಗಿ ನೇರವಾಗಿಯೇ ಇರುತ್ತದೆ, ಹಾಗಾಗಿ ಎಳೆದ ಪಟ್ಟಿಯಲ್ಲೂ ಅದು ಅದೇ ಎತ್ತರದಲ್ಲಿ ಸಾಗುತ್ತದೆ. ಕ್ಯಾಮೆರಾ ಓರೆಯಾಗಿ ನಿಂತಿದ್ದರೆ ಆ ಬಾಗು ಫೋಟೊದಲ್ಲಿ ಇಳಿಜಾರಾಗಿ ಮೂಡುತ್ತದೆ. ಅದನ್ನು ಅಡ್ಡಕ್ಕೆ ಎಳೆದರೆ ಸೇರುವ ಜಾಗದಲ್ಲಿ ಮೊಣಕೈ ಮಡಚಿದಂತೆ ಒಂದು ತಿರುವು ಕಾಣಿಸುತ್ತದೆ. ಅಂಥ ಫೋಟೊದಲ್ಲಿ ಎಳೆಯುವುದರ ಜೊತೆಗೆ ಪಟ್ಟಿಯ ಹೊರತುದಿಯನ್ನು ಆ ಇಳಿಜಾರಿಗೆ ಹೊಂದುವಂತೆ ಏರಿಸುವುದೋ ಇಳಿಸುವುದೋ ಮಾಡಬೇಕಾಗುತ್ತದೆ.

ಇಲ್ಲದ ಗೆರೆ ಕಾಣುವುದೇಕೆ

ಎಳೆದು ಮುಗಿಸಿ ನೋಡಿದಾಗ ಒಂದು ವಿಚಿತ್ರ ಎದುರಾಗುತ್ತದೆ. ಸೇರಿದ ಜಾಗದಲ್ಲಿ ಎರಡೂ ಕಡೆ ಅಳತೆ 120 ಎಂದೇ ಇದೆ, ವ್ಯತ್ಯಾಸವಿಲ್ಲ. ಆದರೂ ಅಲ್ಲೊಂದು ಮಸುಕು ಗೆರೆ ಮೇಲಿನಿಂದ ಕೆಳಗೆ ಇಳಿದಂತೆ ಕಾಣುತ್ತದೆ. ಇದು ಫೋಟೊದಲ್ಲಿರುವ ಗೆರೆಯಲ್ಲ, ಕಣ್ಣು ಹುಟ್ಟಿಸುವ ಗೆರೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1865ರಲ್ಲೇ ಇದನ್ನು ವಿವರಿಸಿದರು, ಅವರ ಹೆಸರಿನಲ್ಲೇ ಇದನ್ನು ಮಾಖ್ ಪಟ್ಟಿ ಎನ್ನುತ್ತಾರೆ. ಬೆಳಕು ಒಂದೇ ವೇಗದಲ್ಲಿ ಇಳಿಯುತ್ತಿದ್ದು, ಒಂದು ಜಾಗದಲ್ಲಿ ಆ ವೇಗ ತಟ್ಟನೆ ಬದಲಾದರೆ, ಬೆಳಕಿನ ಪ್ರಮಾಣದಲ್ಲಿ ಜಿಗಿತ ಇಲ್ಲದಿದ್ದರೂ ಕಣ್ಣು ಅಲ್ಲಿ ಒಂದು ಗೆರೆಯನ್ನು ಕಾಣುತ್ತದೆ.

ಇಲ್ಲಿ ಆಗಿರುವುದೂ ಅದೇ. ಮೂಲ ಕಾಗದದಲ್ಲಿ 340 ಪಿಕ್ಸೆಲ್ ದೂರದಲ್ಲಿ ಬೆಳಕು 120ರಿಂದ 112ಕ್ಕೆ ಇಳಿಯುತ್ತಿತ್ತು. ಪಟ್ಟಿಯನ್ನು ನಾಲ್ಕು ಪಟ್ಟು ಎಳೆದ ಮೇಲೆ ಅಷ್ಟೇ ಇಳಿತಕ್ಕೆ 1340 ಪಿಕ್ಸೆಲ್ ಹಿಡಿಯುತ್ತದೆ. ಇಳಿಜಾರಿನಲ್ಲಿ ಬರುತ್ತಿದ್ದ ರಸ್ತೆ ತಟ್ಟನೆ ಸಪಾಟಾದಂತೆ. ಗೋಡೆ ಮುಂದುವರಿಸುವವರು ಎರಡು ಬಣ್ಣ ಹೊಂದಿಸುವುದರಲ್ಲೇ ಗಂಟೆಗಟ್ಟಲೆ ಕಳೆದು, ಗೆರೆ ಹೋಗುತ್ತಿಲ್ಲವಲ್ಲ ಎಂದು ಪರದಾಡುವುದು ಇಲ್ಲಿಯೇ. ಹೊಂದಿಸಬೇಕಾಗಿರುವುದು ಬಣ್ಣವನ್ನಲ್ಲ, ಇಳಿಜಾರನ್ನು.

ಅದಕ್ಕೆ ಎರಡು ಹೆಜ್ಜೆ. ಮೊದಲನೆಯದು ಬೆರೆಸುವುದು. ಎಳೆದ ಲೇಯರಿಗೆ ಮಾಸ್ಕ್ ಹಾಕಿ, `Gradient` ಬಳಸಿ, ಒಳ ಅಂಚಿನಲ್ಲಿ ಪೂರ್ತಿ ಮರೆಯಾಗಿದ್ದು ಮೂಲ ಪಟ್ಟಿ ಮುಗಿಯುವ ಹೊತ್ತಿಗೆ ಪೂರ್ತಿ ಕಾಣುವಂತೆ ಮಾಡಬೇಕು. ಆ 340 ಪಿಕ್ಸೆಲ್ ಉದ್ದಕ್ಕೂ ಕೆಳಗೆ ನಿಜವಾದ ಕಾಗದ ಇದ್ದೇ ಇದೆ. ಹಾಗಾಗಿ ಹಳೆಯ ಇಳಿಜಾರು ಹೊಸದಕ್ಕೆ ನಿಧಾನವಾಗಿ ತಿರುಗುತ್ತದೆ, ಎಲ್ಲೂ ತಟ್ಟನೆ ಮುರಿಯುವುದಿಲ್ಲ. ಹತ್ತಿಪ್ಪತ್ತು ಪಿಕ್ಸೆಲ್‌ನ ಸಣ್ಣ ಮೆತ್ತನೆ ಅಂಚು ಇಲ್ಲಿ ಏನೂ ಸಾಲದು.

ಎರಡನೆಯದು ಬೆಳಕನ್ನು ಅದರ ದಾರಿಯಲ್ಲಿ ಮುಂದೆ ನಡೆಸುವುದು. ಲೈಟು ಎಡಕ್ಕಿದೆ. ಕಾಗದ ನಿಜವಾಗಿಯೂ ಬಲಕ್ಕೆ ಮುಂದುವರಿದಿದ್ದರೆ ಲೈಟಿನಿಂದ ದೂರವಾದಷ್ಟೂ ಇನ್ನೂ ಕಪ್ಪಾಗುತ್ತಿತ್ತು, ಕಪ್ಪಾಗುವ ವೇಗ ಮಾತ್ರ ಬರಬರುತ್ತಾ ಕಡಿಮೆಯಾಗುತ್ತಿತ್ತು. ಆದ್ದರಿಂದ ಮೇಲೊಂದು `Curves` ಲೇಯರ್ ಹಾಕಿ, ಅದರ ಮಾಸ್ಕನ್ನೂ ಇಳಿಜಾರಾಗಿಸಿ, ಫ್ರೇಮಿನ ಬಲತುದಿಯ ಅಳತೆಯನ್ನು 112ರಿಂದ 102ರ ಆಸುಪಾಸಿಗೆ ಇಳಿಸಬೇಕು. ಎಡಗಡೆ ಲೈಟು ಹತ್ತಿರವಿರುವುದರಿಂದ ಅಲ್ಲಿ ಹೊರಗೆ ಹೋದಂತೆ ಕಪ್ಪಾಗಿಸುವುದು ಸರಿಯಲ್ಲ. ಅಲ್ಲಿ ಬೆಳಕು ಏರುತ್ತಿದ್ದರೆ ಏರುವಂತೆಯೇ ಬಿಡಬೇಕು. ಎರಡೂ ಪಕ್ಕ ಒಂದೇ ರೀತಿ ಕಪ್ಪಾದ ಗೋಡೆಯೂ ಒಂದೇ ಪಕ್ಕದಿಂದ ಬೆಳಕು ಬಿದ್ದ ಮುಖವೂ ಒಂದೇ ಚಿತ್ರದಲ್ಲಿದ್ದರೆ, ನೋಡುವವರಿಗೆ ಕಾರಣ ಹೇಳಲಾಗದಿದ್ದರೂ ಏನೋ ಸರಿಯಿಲ್ಲ ಎನಿಸುತ್ತದೆ.

ತರಿ ಮತ್ತು ಪಟ್ಟೆ

ಪಟ್ಟಿಯನ್ನು ಎಳೆದಾಗ ಅದರಲ್ಲಿದ್ದ ತರಿಯೂ ಎಳೆದುಹೋಗಿರುತ್ತದೆ. ಗುಂಡಗಿದ್ದ ಒಂದೊಂದು ಕಾಳೂ ಅಡ್ಡಕ್ಕೆ ಶಾವಿಗೆಯಂತೆ ಉದ್ದವಾಗಿರುತ್ತದೆ. ಪೂರ್ಣ ಗಾತ್ರದಲ್ಲಿ ನೋಡಿದರೆ ಹೊಸ ಗೋಡೆ ಬಾಚಿದಂತೆ ಕಾಣುತ್ತದೆ. ಇದನ್ನು ತಿದ್ದಲು ಹೋಗಬಾರದು, ಅಳಿಸಿ ಹೊಸದಾಗಿ ಹಾಕಬೇಕು. ಎಳೆದ ಲೇಯರಿನ ಮೇಲೆ 30 ಪಿಕ್ಸೆಲ್‌ನಷ್ಟು `Gaussian Blur` ಕೊಟ್ಟರೆ ಶಾವಿಗೆಗಳೆಲ್ಲ ಕರಗಿ ಬೆಳಕಿನ ಇಳಿಜಾರು ಮಾತ್ರ ಉಳಿಯುತ್ತದೆ. ಪಟ್ಟಿಯನ್ನು ಫ್ರೇಮಿನ ಆಚೆಗೂ ಎಳೆದದ್ದು ಈಗ ಉಪಯೋಗಕ್ಕೆ ಬರುತ್ತದೆ. ಫ್ರೇಮಿನ ಗಡಿಯಲ್ಲೇ ನಿಲ್ಲಿಸಿದ್ದರೆ ಮಸುಕುಗೊಳಿಸುವಾಗ ಆ ಗಡಿ ತೆಳ್ಳಗಾಗಿ, ಕೆಳಗಿನ ಸ್ಟುಡಿಯೊ ಇಣುಕುತ್ತಿತ್ತು.

ಇಷ್ಟು ನುಣುಪಾದ ಗೋಡೆ ಇನ್ನೊಂದು ತೊಂದರೆಯನ್ನು ತರುತ್ತದೆ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೂ 256 ಹಂತಗಳು ಮಾತ್ರ. ಬಲಗಡೆಯ 1340 ಪಿಕ್ಸೆಲ್ ಅಗಲದಲ್ಲಿ ಬೆಳಕು 120ರಿಂದ 102ಕ್ಕೆ ಇಳಿಯಬೇಕು. ಇರುವುದು 18 ಹಂತ. ಒಂದೊಂದು ಹಂತಕ್ಕೂ ಸುಮಾರು 75 ಪಿಕ್ಸೆಲ್ ಅಗಲದ ಪಟ್ಟೆ ಸಿಗುತ್ತದೆ. ಗೋಡೆ ಇಳಿಜಾರಿನ ಬದಲು ಮೆಟ್ಟಿಲಾಗುತ್ತದೆ, ಪರದೆಯ ಮೇಲೆ ಆ ಪಟ್ಟೆಗಳು ಸೀರೆಯ ನೆರಿಗೆಯಂತೆ ಸಾಲಾಗಿ ಕಾಣುತ್ತವೆ. ಕೆಲಸವನ್ನು 16 ಬಿಟ್‌ನಲ್ಲಿ ಮಾಡುವುದರಿಂದ, ತಿದ್ದುತ್ತಾ ಹೋದಂತೆ ಪಟ್ಟೆಗಳು ಹೆಚ್ಚುವುದು ತಪ್ಪುತ್ತದೆ. ಆದರೆ ಕೊನೆಗೆ ಜೆಪೆಗ್ ಮಾಡುವಾಗ ಹಂತಗಳು ಮತ್ತೆ 256ಕ್ಕೆ ಇಳಿಯುತ್ತವೆ.

ಇದನ್ನು ನಿಜವಾಗಿ ಕಾಯುವುದು ತರಿ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ಗಡಿಯಲ್ಲಿ ಸಣ್ಣ ಕಾಳುಗಳು ಅತ್ತಿತ್ತ ಬೆರೆತರೆ ಗಡಿ ಚೂರುಚೂರಾಗುತ್ತದೆ, ಕಣ್ಣಿಗೆ ಗೆರೆ ಸಿಗುವುದಿಲ್ಲ. ಕ್ಯಾಮೆರಾದ ಮೂಲ ಫೋಟೊದಲ್ಲಿ ಪಟ್ಟೆ ಕಾಣದಿರುವುದಕ್ಕೂ ಇದೇ ಕಾರಣ. `Add Noise` ತೆರೆದು, `Gaussian` ಮತ್ತು `Monochromatic` ಎರಡನ್ನೂ ಆರಿಸಿ, ಕಡಿಮೆ ಪ್ರಮಾಣದಿಂದ ಶುರು ಮಾಡಬೇಕು. ಕಡಿಮೆ ಐಎಸ್‌ಒನಲ್ಲಿ ತೆಗೆದ ಸ್ಟುಡಿಯೊ ಫೋಟೊಗೆ ಶೇಕಡ 1ರಿಂದ 2 ಸಾಮಾನ್ಯವಾಗಿ ಸಾಕು. ಪೂರ್ಣ ಗಾತ್ರದಲ್ಲಿ, ಮೂಲ ಕಾಗದವೂ ಹೊಸ ಗೋಡೆಯೂ ಪಕ್ಕಪಕ್ಕ ಕಾಣುವಂತೆ ಇಟ್ಟುಕೊಂಡು ಹೋಲಿಸಬೇಕು. ಹೊಸ ಭಾಗ ಮೇಣದಂತೆ ಜಾರಿದರೆ ತರಿ ಕಡಿಮೆಯಾಯಿತು, ಮರಳು ಚೆಲ್ಲಿದಂತಿದ್ದರೆ ಹೆಚ್ಚಾಯಿತು.

ನೆಲ ಮತ್ತು ನೆರಳು

ಗೋಡೆಯ ಭಾಗದಲ್ಲಿ ಕಾಗದದ ಅಂಚು ನೇರವಾಗಿ ಕೆಳಗಿಳಿಯುತ್ತದೆ. ನೆಲದಲ್ಲಿ ಹಾಗಲ್ಲ. ಹಾಸಿದ ಕಾಗದ ಕ್ಯಾಮೆರಾಕ್ಕೆ ಹತ್ತಿರವಾದಂತೆ ದೊಡ್ಡದಾಗಿ ಕಾಣುವುದರಿಂದ ಅದರ ಅಂಚು ಓರೆಯಾಗಿ ಹೊರಕ್ಕೆ ಓಡುತ್ತದೆ. ನಮ್ಮ ಉದಾಹರಣೆಯಲ್ಲಿ ಕಲಾವಿದೆಯ ಪಾದದ ಮಟ್ಟಕ್ಕೆ ಬರುವ ಹೊತ್ತಿಗೆ ಅದು ಬಹುತೇಕ ಫ್ರೇಮಿನ ಗಡಿ ತಲುಪಿ, ಇನ್ನಷ್ಟು ಮುಂದೆ ಫ್ರೇಮಿನಾಚೆಗೆ ಹೋಗುತ್ತದೆ. ಹಾಗಾಗಿ ನೆಲದಲ್ಲಿ ತುಂಬಬೇಕಾದದ್ದು ಒಂದು ತ್ರಿಕೋನ ಮಾತ್ರ, 940 ಪಿಕ್ಸೆಲ್ ಅಗಲ, 550 ಪಿಕ್ಸೆಲ್ ಎತ್ತರದ್ದು.

ಈ ತ್ರಿಕೋನಕ್ಕೆ ಎಳೆದ ಪಟ್ಟಿಯನ್ನು ಹಾಗೇ ಬಿಟ್ಟರೆ ಕೆಡುತ್ತದೆ. ಪಟ್ಟಿಯ ಕೆಳಭಾಗದಲ್ಲಿ ಕಲಾವಿದೆಯ ನೆರಳಿನ ತುದಿ ಇದ್ದರೆ ಅದೂ ನಾಲ್ಕು ಪಟ್ಟು ಉದ್ದವಾಗಿ, ನೆಲದ ಮೇಲೆ ಮಸಿ ಒರೆಸಿದಂತೆ ಚಾಚಿಕೊಳ್ಳುತ್ತದೆ. ಆದ್ದರಿಂದ ಮಾಸ್ಕಿನಲ್ಲಿ ನೆಲದ ಭಾಗವನ್ನು ಮೆತ್ತಗೆ ಅಳಿಸಿ, ಮೂಲ ಕಾಗದ ಕಾಣುವಷ್ಟನ್ನೂ ಮೂಲದಂತೆಯೇ ಉಳಿಸಬೇಕು. ಉಳಿದ ತ್ರಿಕೋನವನ್ನು, ಅದೇ ಎತ್ತರದಲ್ಲಿ ನೆರಳಿಲ್ಲದ ಕಾಗದ ಎಲ್ಲಿದೆಯೋ ಅಲ್ಲಿಂದ, ಮೆತ್ತನೆಯ ತುದಿಯ ದೊಡ್ಡ `Clone Stamp` ಬಳಸಿ ಅಡ್ಡಡ್ಡವಾಗಿ ತುಂಬಬೇಕು. ಮೇಲಿಂದ ಕೆಳಕ್ಕೆ ತಂದರೆ ದೂರದ ನೆಲದ ಬೆಳಕು ಹತ್ತಿರದ ನೆಲಕ್ಕೆ ಬಂದು ಕೂರುತ್ತದೆ.

ನೆರಳು ಅಂಚು ದಾಟಿ ಟೈಲ್ಸ್ ಮೇಲೆ ಬಿದ್ದಿದ್ದರೆ ಆ ತುದಿಯನ್ನು ಹೊಸದಾಗಿ ಬರೆಯಬೇಕು. `Lasso` ಬಳಸಿ ಅದರ ಆಕಾರ ಗುರುತಿಸಿ, `Curves` ಬಳಸಿ ಕಪ್ಪಾಗಿಸಿ, ಮಾಸ್ಕನ್ನು ಮಸುಕು ಮಾಡಬೇಕು. ಇಲ್ಲಿ ಕಣ್ಣಿಡಬೇಕಾದದ್ದು ಒಂದೇ: ಸಾಫ್ಟ್‌ಬಾಕ್ಸ್ ಬೆಳಕಿನ ನೆರಳು ಪಾದದ ಬುಡದಲ್ಲಿ ಗಟ್ಟಿಯಾಗಿಯೂ ಚೂಪಾಗಿಯೂ ಇದ್ದು, ದೂರ ಹೋದಂತೆ ತಿಳಿಯಾಗಿ ಅದರ ಅಂಚು ಕರಗುತ್ತದೆ. ಬರೆದ ನೆರಳಿನ ತುದಿ ಮೂಲ ನೆರಳಿನ ಕೊನೆಗಿಂತ ಮೆತ್ತಗಿರಬೇಕು. ಅಲ್ಲಿ ಚೂಪು ಉಳಿದರೆ ನೆಲದ ಮೇಲೆ ಏನೋ ಬಿದ್ದಿರುವಂತೆ ಕಾಣುತ್ತದೆ.

ಪರೀಕ್ಷೆ

ಗಂಟೆಗಟ್ಟಲೆ ಒಂದೇ ಚಿತ್ರ ನೋಡಿದ ಕಣ್ಣು ಗೆರೆಗಳನ್ನು ಕಾಣುವುದನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಎಲ್ಲದರ ಮೇಲೆ ಇನ್ನೊಂದು `Curves` ಲೇಯರ್ ಹಾಕಿ, ಅದರ ಗೆರೆಯನ್ನು ಬೆಟ್ಟಸಾಲಿನಂತೆ ಎರಡು ಮೂರು ಬಾರಿ ಕಡಿದಾಗಿ ಏರಿಳಿಸಬೇಕು. ಚಿತ್ರ ವಿಕಾರವಾದ ಬಣ್ಣಗಳಿಗೆ ತಿರುಗುತ್ತದೆ, ಒಂದೆರಡು ಹಂತದ ವ್ಯತ್ಯಾಸವೂ ಢಾಳಾಗಿ ಎದ್ದು ಬರುತ್ತದೆ. ಸರಿಯಾದ ಗೋಡೆಯಲ್ಲಿ ಆಗ ಕಾಣುವುದು ನೀರಿನ ಅಲೆಯಂತೆ ಮೆಲ್ಲಗೆ ಬಾಗಿದ ಪಟ್ಟೆಗಳು. ಸೇರಿದ ಜಾಗದಲ್ಲಿ ಆ ಅಲೆ ಮುರಿದಿದ್ದರೆ, ನೇರ ಗೆರೆ ಕಂಡರೆ, ಅಥವಾ ಒಂದೇ ಕಲೆ ಎರಡು ಕಡೆ ಮರುಕಳಿಸಿದರೆ ಅಲ್ಲಿ ಕೆಲಸ ಬಾಕಿ ಇದೆ. ತಿದ್ದಿ ಮುಗಿದ ಮೇಲೆ ಈ ಲೇಯರನ್ನು ತೆಗೆದುಹಾಕಬೇಕು.

ಬಣ್ಣವನ್ನೂ ನೋಡಬೇಕು. ಸ್ಟುಡಿಯೊದ ಬಲಗೋಡೆ ಹಸಿರಿದ್ದರೆ ಕಾಗದದ ಬಲಭಾಗದಲ್ಲಿ ತುಸು ಹಸಿರು ಸೇರಿರುತ್ತದೆ, ಪಟ್ಟಿ ಎಳೆದಾಗ ಅದು ಇಡೀ ಬಲಪಕ್ಕಕ್ಕೆ ಹರಡುತ್ತದೆ. `Info` ಪ್ಯಾನೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಅಳತೆಗಳನ್ನು ಹಳೆಯ ಮತ್ತು ಹೊಸ ಭಾಗಗಳಲ್ಲಿ ಹೋಲಿಸಿದರೆ ಇದು ಸಿಕ್ಕಿಬೀಳುತ್ತದೆ. ಕೊನೆಗೆ ಚಿತ್ರವನ್ನು ಅಂಚೆಕಾರ್ಡಿನಷ್ಟು ಚಿಕ್ಕದಾಗಿಸಿ ನೋಡಬೇಕು. ತರಿಯ ತಪ್ಪು ಪೂರ್ಣ ಗಾತ್ರದಲ್ಲಿ ಕಂಡರೆ, ಇಳಿಜಾರಿನ ತಪ್ಪು ಚಿಕ್ಕ ಗಾತ್ರದಲ್ಲೇ ಕಾಣುವುದು.

ಎಲ್ಲಿ ನಿಲ್ಲಬೇಕು

ಈ ವಿಧಾನಕ್ಕೆ ಆಧಾರವೇ ದೇಹಕ್ಕೂ ಅಂಚಿಗೂ ನಡುವಿನ ಖಾಲಿ ಪಟ್ಟಿ. ಕೈ ಅಂಚನ್ನು ದಾಟಿದ್ದರೆ ಕೈಯನ್ನು ಕತ್ತರಿಸಿ ತೆಗೆದು ಹೊಸ ಗೋಡೆಯ ಮೇಲೆ ಇಡಬೇಕಾಗುತ್ತದೆ. ಬೆರಳಿನಂಥ ನಿಖರ ಅಂಚಿಗೆ ಅದು ಸಾಧ್ಯ. ಬಿಚ್ಚಿದ ಕೂದಲು ಅಥವಾ ತೆಳು ಸೆರಗಿನ ಮೂಲಕ ಹಿಂದಿನ ಟೈಲ್ಸ್ ಕಾಣುತ್ತಿದ್ದರೆ ಫೋಟೊವನ್ನು ಮತ್ತೆ ತೆಗೆಯುವುದೇ ಮೇಲು. ಮೋಡಮೋಡವಾಗಿ ಬಣ್ಣ ಬಳಿದ ಬಟ್ಟೆಯ ಪರದೆಯನ್ನು ಎಳೆದರೆ ಮೋಡಗಳೂ ಎಳೆದುಹೋಗುತ್ತವೆ. ಅಲ್ಲಿ ಪರದೆಯನ್ನು ಸರಿಸಿ ತೆಗೆದ ಎರಡನೆಯ ಫೋಟೊವೇ ಬೇಕು. ಹೊಳೆಯುವ ವಸ್ತುಗಳದ್ದು ಇನ್ನೊಂದು ಪಾಡು. ಸ್ಟೀಲ್ ಬಿಂದಿಗೆಯ ಹೊಟ್ಟೆಯಲ್ಲಿ ಕಾಗದದ ಅಂಚೂ ಸ್ಟ್ಯಾಂಡೂ ಪ್ರತಿಬಿಂಬವಾಗಿ ಉಳಿದಿದ್ದರೆ, ಹಿಂದಿನ ಗೋಡೆ ಎಷ್ಟು ಚೆನ್ನಾಗಿ ಕೂಡಿದ್ದರೂ ಬಿಂದಿಗೆ ನಿಜ ಹೇಳುತ್ತದೆ. ಆ ಪ್ರತಿಬಿಂಬವನ್ನೂ ತಿದ್ದಿದ ಮೇಲೆಯೇ ಗೋಡೆ ಪೂರ್ತಿಯಾದಂತೆ.